ಶೈಲಿಯ ಸಾಕ್ಷ್ಯ ಎಷ್ಟು ದೂರ ನಡೆದೀತು?

ವಿದ್ಯಾರ್ಥಿಯೊಬ್ಬನ ಮೊದಲ ಪ್ರಬಂಧ ತೀರ ಸರಳವಾಗಿದ್ದು, ಎರಡನೆಯದು ಒಮ್ಮೆಲೇ ಪ್ರೌಢವಾಗಿ ಕಂಡರೆ, 'ಇದು ಇವನ ಕೈಯದಲ್ಲ' ಎಂಬ ಮಾತು ಬೇಗ ಹುಟ್ಟುತ್ತದೆ. ಅದು ನಿಜವಾಗಿರಬಹುದು, ಸುಳ್ಳಾದರೆ ಒಬ್ಬನ ಅಂಕಗಳೂ ಮಾನವೂ ಹೋಗುತ್ತವೆ. ಆದುದರಿಂದ ಎರಡು ಬರಹಗಳನ್ನು ಹೋಲಿಸಿ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ಇಲ್ಲಿ ವಿಚಾರಿಸಿದ್ದೇನೆ.

ನನ್ನ ಊರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ; ವಿಜಯದಾಸರು (1682–1755) ಹುಟ್ಟಿದ ಊರು. ಅವರ ದೇವರನಾಮಗಳನ್ನು ಮಕ್ಕಳೂ ಕೇಳಿ ಕಲಿತು ಹಾಡಬಲ್ಲರು. ಸುಳಾದಿಗಳ ಮಾತೇ ಬೇರೆ. ಅವು ತಾಳ ಬದಲಿಸುತ್ತ ಸಾಗುವ ದೀರ್ಘ ರಚನೆಗಳು. ಮಧ್ವಸಿದ್ಧಾಂತದ ಪರಿಭಾಷೆಯೂ ಸಂಸ್ಕೃತ ಪದಗಳೂ ಅವುಗಳಲ್ಲಿ ತುಂಬಿವೆ. 'ವಿಜಯವಿಠ್ಠಲ' ಎಂಬ ಅಂಕಿತವನ್ನು ಮುಚ್ಚಿ ಎರಡನ್ನೂ ಅಪರಿಚಿತನ ಮುಂದಿಟ್ಟರೆ, ಇಬ್ಬರು ಕವಿಗಳೆಂದು ಆತ ಹೇಳಿದರೆ ಆಶ್ಚರ್ಯವಿಲ್ಲ. ಇಲ್ಲಿ ಬದಲಾದದ್ದು ಬರೆದವರಲ್ಲ, ಬರಹದ ಜಾತಿ. ಹಾಗೆಂದು ಅಂಕಿತವೊಂದನ್ನೇ ನಂಬುವಂತೆಯೂ ಇಲ್ಲ. ಬಾಯಿಂದ ಬಾಯಿಗೆ ಬಂದ ಹಾಡುಗಳಲ್ಲಿ ಅಂಕಿತ ಬದಲಾದದ್ದುಂಟು. ವಿದ್ಯಾರ್ಥಿಯ ಪುಸ್ತಕದ ಮೇಲಿನ ಹೆಸರೂ ಅಷ್ಟೇ.

ಎಣಿಕೆಯಿಂದ ಕರ್ತೃವನ್ನು ಗುರುತಿಸಿದ ಪ್ರಸಿದ್ಧ ಪ್ರಯತ್ನವೊಂದು 1964ರಲ್ಲಿ ಪ್ರಕಟವಾಯಿತು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787–88ರಲ್ಲಿ ಬಂದ 'ಫೆಡರಲಿಸ್ಟ್' ಪ್ರಬಂಧಗಳಲ್ಲಿ 12 ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬ ವಿವಾದವಿತ್ತು. ಮೋಸ್ಟೆಲರ್ ಮತ್ತು ವ್ಯಾಲೇಸ್ ಎಂಬ ವಿದ್ವಾಂಸರು ದೊಡ್ಡ ಪದಗಳನ್ನು ಬಿಟ್ಟು, ಬರೆಯುವವನ ಗಮನಕ್ಕೇ ಬಾರದ ಸಣ್ಣ ಪದಗಳನ್ನು ಎಣಿಸಿದರು. 'ಅಪಾನ್' ಎಂಬುದನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು 3 ಸಲ ಬಳಸುತ್ತಿದ್ದ. ಮ್ಯಾಡಿಸನ್ ಐದು ಸಾವಿರಕ್ಕೆ ಸುಮಾರು ಒಂದು ಸಲ. ಇಂಥ ಹಲವು ಪದಗಳನ್ನು ಕೂಡಿಸಿ ನೋಡಿ, ಆ 12ನ್ನೂ ಮ್ಯಾಡಿಸನ್ ಬರೆದಿರುವ ಸಂಭವವೇ ಹೆಚ್ಚೆಂದು ನಿರ್ಣಯಿಸಿದರು.

ಆದರೆ ಅವರಿಗಿದ್ದ ಅನುಕೂಲಗಳು ನಮಗಿಲ್ಲ. ಅಲ್ಲಿ ಬರಹಗಳೆಲ್ಲ ಒಂದೇ ಜಾತಿಯವು, ಸಂಶಯ ಇಬ್ಬರ ಮೇಲೆ ಮಾತ್ರ, ಮಾದರಿಗಳು ಸಾವಿರಾರು ಪದಗಳವು. ನಮ್ಮ ಪ್ರಬಂಧ ಮುನ್ನೂರು ಪದಗಳದು. ಸಾವಿರಕ್ಕೆ 3 ಸಲ ಬರುವ ಪದ ಮುನ್ನೂರರಲ್ಲಿ ಸರಾಸರಿ 0.9 ಸಲ ಬರಬೇಕು. ಅದು ಅಲ್ಲಲ್ಲಿ ಸಹಜವಾಗಿ ಚದುರಿ ಬರುವುದಾದರೆ, ಒಬ್ಬನೇ ಬರೆದ ಅಂಥ ನೂರು ಪ್ರಬಂಧಗಳಲ್ಲಿ ಸುಮಾರು 40ರಲ್ಲಿ ಒಮ್ಮೆಯೂ ಕಾಣದು. ಅದು ಕಾಣದಿರುವುದು ಏನನ್ನೂ ಹೇಳುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. ಇಂಗ್ಲಿಷಿನಲ್ಲಿ ಬಿಡಿ ಪದಗಳು ಮಾಡುವ ಕೆಲಸವನ್ನು ಇಲ್ಲಿ ಬಹುಮಟ್ಟಿಗೆ ಪ್ರತ್ಯಯಗಳು ಮಾಡುತ್ತವೆ. 'ರಾಮನೂ ಭೀಮನೂ' ಎಂದರೂ 'ರಾಮ ಮತ್ತು ಭೀಮ' ಎಂದರೂ ಅರ್ಥ ಒಂದೇ. ಆದ್ದರಿಂದ 'ಮತ್ತು', 'ಹಾಗೂ', '-ಊ' ಇವುಗಳಲ್ಲಿ ಯಾವುದನ್ನು ಆರಿಸುತ್ತಾನೆ, ಮಾತುಗಳನ್ನು ಸಂಧಿ ಮಾಡಿ ಬರೆಯುತ್ತಾನೋ ಬಿಡಿಸಿ ಬರೆಯುತ್ತಾನೋ, ಲ-ಳ, ನ-ಣ, ಅ-ಹಗಳಲ್ಲಿ ಎಲ್ಲಿ ತಪ್ಪುತ್ತಾನೆ ಎಂಬುದನ್ನು ನೋಡಬೇಕು.

ಸಹಪಾಠಿಯೊಬ್ಬನ ಒಪ್ಪಿಗೆ ಪಡೆದು ಅವನ ಎರಡು ಪ್ರಬಂಧಗಳನ್ನು ಹೀಗೆ ನೋಡಿದೆ. ಊರ ಜಾತ್ರೆಯ ಪ್ರಬಂಧದಲ್ಲಿ ವಾಕ್ಯಕ್ಕೆ ಸರಾಸರಿ 7 ಪದಗಳು. ಸಂವಿಧಾನದ ಪೀಠಿಕೆಯನ್ನು ಕುರಿತದ್ದರಲ್ಲಿ 14. ಇಷ್ಟರಿಂದಲೇ ತೀರ್ಪು ಕೊಟ್ಟಿದ್ದರೆ ಅನ್ಯಾಯವಾಗುತ್ತಿತ್ತು. ಏಕೆಂದರೆ 'ಕಾರಣ'ವನ್ನು 'ಕಾರನ'ವೆಂದೂ 'ಆದ್ದರಿಂದ'ವನ್ನು 'ಅದ್ದರಿಂದ'ವೆಂದೂ ಬರೆಯುವ ಅವನ ರೂಢಿ ಎರಡರಲ್ಲೂ ಇತ್ತು. ಒಂದು ಪರಿಚ್ಛೇದದಲ್ಲಿ ಮಾತ್ರ ಅದಿಲ್ಲ. ಅಲ್ಲಿ 'ಕಾರಣ' ಮೂರು ಸಲವೂ ಸರಿಯಾಗಿತ್ತು, ಬೇರೆಲ್ಲೂ ಇಲ್ಲದ 'ಹಾಗೂ' ನಾಲ್ಕು ಸಲ ಬಂದಿತ್ತು. ಪಠ್ಯಪುಸ್ತಕವನ್ನು ತೆರೆದು ನೋಡಿದರೆ ಆ ಪರಿಚ್ಛೇದ ಅಕ್ಷರಶಃ ಅಲ್ಲಿತ್ತು. ಉದ್ಧರಣ ಚಿಹ್ನೆ ಹಾಕಬೇಕೆಂಬುದು ತನಗೆ ತಿಳಿದಿರಲಿಲ್ಲವೆಂದು ಅವನು ಹೇಳಿದ. ಉಳಿದದ್ದೆಲ್ಲ ಅವನದೇ ಎಂಬುದಕ್ಕೆ ಅವನ ಕರಡು ಹಾಳೆಗಳಿದ್ದವು.

ಇದರಿಂದ ನನಗೆ ತೋರಿದ್ದಿಷ್ಟು. ಎರಡು ಪ್ರಬಂಧಗಳ ನಡುವಿನ ಅಂತರಕ್ಕೆ ವಿಷಯ, ಓದು, ಗೆಳೆಯನ ತಿದ್ದುಪಡಿ, ಆರು ತಿಂಗಳ ಅಭ್ಯಾಸ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಒಂದೇ ಪ್ರಬಂಧದೊಳಗೆ ರೂಢಿ ಮುರಿದು ಮತ್ತೆ ಕೂಡಿಕೊಂಡರೆ ಅದು ಹೆಚ್ಚು ಗಮನಾರ್ಹ. ಆದರೂ ನಕಲನ್ನು ತೋರಿಸಿಕೊಟ್ಟದ್ದು ಎಣಿಕೆಯಲ್ಲ, ಮೂಲ ಪುಸ್ತಕ. ಎಲ್ಲಿ ಹುಡುಕಬೇಕೆಂಬುದನ್ನಷ್ಟೇ ಎಣಿಕೆ ಹೇಳಿತು. ಮೂಲ ಸಿಗದಿದ್ದರೆ ಕರಡನ್ನು ಕೇಳಬೇಕು, ಬರೆದುದನ್ನು ಬಾಯಿಮಾತಿನಲ್ಲಿ ವಿವರಿಸಲು ಹೇಳಬೇಕು, ಅದೇ ಬಗೆಯ ವಿಷಯ ಕೊಟ್ಟು ಎದುರಿನಲ್ಲೇ ಒಂದು ಪುಟ ಬರೆಯಿಸಬೇಕು. ಅಲ್ಲಿಯವರೆಗೆ ಶೈಲಿಯ ವ್ಯತ್ಯಾಸವು ಪ್ರಶ್ನೆ ಕೇಳಲು ಸಾಕು. ಶಿಕ್ಷೆ ವಿಧಿಸಲು ಸಾಲದು.