ಶುರುವಿನಲ್ಲಿ ಗಟ್ಟಿ, ನಡುವೆ ಸಡಿಲ: ‘ವೇನ್ ಲೀಕ್’ ಪರೀಕ್ಷೆಯ ಬಗ್ಗೆ ತಿಳಿಯಬೇಕಾದದ್ದು



ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯಿಂದ ಬರುವ ಗಂಡಸರಲ್ಲಿ ಕೆಲವರು ಹೊಟ್ಟೆನೋವು ಅಥವಾ ಸುಸ್ತು ಎಂದು ಚೀಟಿ ಮಾಡಿಸುತ್ತಾರೆ. ಎಲ್ಲ ಕೇಳಿ ಮುಗಿದ ಮೇಲೆ, ಬಾಗಿಲ ಹತ್ತಿರ ನಿಂತು, “ಸಿಸ್ಟರ್, ಇನ್ನೊಂದು ವಿಷಯ ಇತ್ತು. ಏಳೋದೇನೋ ಸರಿಯಾಗೇ ಏಳುತ್ತೆ, ಮಧ್ಯದಲ್ಲೇ ಇಳಿದುಬಿಡುತ್ತೆ” ಎನ್ನುತ್ತಾರೆ. ಇನ್ನು ಕೆಲವರ ಕೈಯಲ್ಲಿ ಆಗಲೇ ಒಂದು ಸ್ಕ್ಯಾನ್ ರಿಪೋರ್ಟ್ ಇರುತ್ತದೆ. ಅದರಲ್ಲಿ ‘ವೀನಸ್ ಲೀಕ್’ ಎಂದು ಬರೆದಿರುತ್ತದೆ. ನಾಳ ಒಡೆದುಹೋಗಿದೆ, ಆಪರೇಷನ್ ಆಗಲೇಬೇಕು ಎಂದುಕೊಂಡು ಅವರು ಹೆದರಿರುತ್ತಾರೆ. ಆ ಮಾತಿನ ಅರ್ಥವೇನು, ಅದನ್ನು ಹೇಗೆ ಪರೀಕ್ಷಿಸುತ್ತಾರೆ, ಯಾವಾಗ ಆ ರಿಪೋರ್ಟನ್ನು ನಂಬಬಹುದು, ಯಾವಾಗ ಇನ್ನೊಮ್ಮೆ ನೋಡಬೇಕು ಎಂಬುದನ್ನು ಇಲ್ಲಿ ತಿಳಿಸಿದ್ದೇವೆ.

ರಕ್ತ ಒಳಗೆ ನಿಲ್ಲುವುದು ಹೇಗೆ?

ಶಿಶ್ನದೊಳಗೆ ಸ್ಪಂಜಿನಂತಹ ಎರಡು ಉದ್ದನೆಯ ಕೊಳವೆಗಳಿವೆ. ಅವುಗಳ ಸುತ್ತ ಬಿಗಿಯಾದ ಬಿಳಿ ಹೊದಿಕೆಯಿದೆ. ಮನಸ್ಸಿಗೆ ಆಸೆ ಬಂದಾಗ ಸ್ಪಂಜಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಆಗ ಅಪಧಮನಿಗಳಿಂದ, ಅಂದರೆ ಹೃದಯದಿಂದ ರಕ್ತ ತರುವ ನಾಳಗಳಿಂದ, ರಕ್ತ ನುಗ್ಗಿ ಸ್ಪಂಜು ಉಬ್ಬುತ್ತದೆ. ರಕ್ತವನ್ನು ಹೊರಗೆ ಒಯ್ಯುವ ಸಣ್ಣ ಅಭಿಧಮನಿಗಳು ಸ್ಪಂಜಿಗೂ ಹೊದಿಕೆಗೂ ನಡುವೆ ಹಾದುಹೋಗುತ್ತವೆ.

ಸೈಕಲ್ ಚಕ್ರವನ್ನು ನೆನಪಿಸಿಕೊಳ್ಳಿ. ಟ್ಯೂಬಿಗೂ ಟಯರಿಗೂ ನಡುವೆ ಒಂದು ತೆಳ್ಳನೆಯ ಸ್ಟ್ರಾ ಕೊಳವೆ ಇಟ್ಟಿದ್ದೀರಿ ಎಂದುಕೊಳ್ಳಿ. ಟ್ಯೂಬಿಗೆ ಪೂರ್ತಿ ಗಾಳಿ ತುಂಬಿದಾಗ ಆ ಕೊಳವೆ ಅಪ್ಪಚ್ಚಿಯಾಗಿ ಮುಚ್ಚಿಹೋಗುತ್ತದೆ. ಗಾಳಿ ಅರ್ಧ ಮಾತ್ರ ತುಂಬಿದರೆ ಕೊಳವೆ ತೆರೆದೇ ಇರುತ್ತದೆ. ಶಿಶ್ನದಲ್ಲಿ ಆಗುವುದೂ ಇದೇ. ಹೊರಹೋಗುವ ನಾಳಗಳನ್ನು ಮುಚ್ಚಲು ಬೇರೆ ಬಾಗಿಲಿಲ್ಲ, ಉಬ್ಬಿದ ಸ್ಪಂಜೇ ಬಾಗಿಲು.

ಹಾಗಾಗಿ ‘ಲೀಕ್’ ಎಂದರೆ ಸಾಮಾನ್ಯವಾಗಿ ನಾಳ ತೂತಾಗಿದೆ ಎಂದಲ್ಲ. ಸ್ಪಂಜು ಪೂರ್ತಿ ಉಬ್ಬದ ಕಾರಣ ನಾಳ ಮುಚ್ಚಿಲ್ಲ ಎಂದರ್ಥ. ಹೀಗಾಗಲು ಮುಖ್ಯವಾಗಿ ಎರಡು ಕಾರಣಗಳಿವೆ.

ಒಂದು, ಸ್ಪಂಜೇ ಕೆಟ್ಟಿರುವುದು. ಬಹಳ ವರ್ಷದ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಪರೇಷನ್, ಶಿಶ್ನಕ್ಕೆ ಬಿದ್ದ ಪೆಟ್ಟು ಅಥವಾ ಡೊಂಕು ಕಾಯಿಲೆಯಿಂದ ಸ್ನಾಯು ಗಡುಸಾಗಿ ಹಿಗ್ಗುವ ಗುಣ ಕಳೆದುಕೊಳ್ಳಬಹುದು.

ಎರಡು, ಸ್ಪಂಜು ಚೆನ್ನಾಗಿಯೇ ಇದ್ದು, ಭಯ ಅದನ್ನು ಬಿಗಿಹಿಡಿದಿರುವುದು. ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಸ್ಪಂಜಿನ ಸ್ನಾಯುವನ್ನು ಕುಗ್ಗಿಸುತ್ತದೆ, ಕೂಡಲೇ ನಾಳ ತೆರೆದುಕೊಳ್ಳುತ್ತದೆ. “ಈ ಸಲವೂ ಇಳಿದರೆ?” ಎಂದು ಯೋಚಿಸುವುದೇ ಇಳಿಯಲು ಸಾಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಪರೀಕ್ಷೆಯ ಕೆಲಸವೇ ಇವೆರಡನ್ನು ಬೇರ್ಪಡಿಸುವುದು.

ಸ್ಕ್ಯಾನ್‌ಗೆ ಮೊದಲು ಕೇಳುವ ಪ್ರಶ್ನೆಗಳು

ವೈದ್ಯರು ಮುಜುಗರದ ಪ್ರಶ್ನೆ ಕೇಳಿದರೆ ಬೇಸರಪಡಬೇಡಿ. ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಬೆಳಗಿನ ಜಾವ ಎಚ್ಚರವಾದಾಗ ನಿಮಿರುವಿಕೆ ಗಟ್ಟಿಯಾಗಿದ್ದು ನಿಲ್ಲುತ್ತದೆಯೇ? ಒಬ್ಬರೇ ಇದ್ದಾಗ ಹಸ್ತಮೈಥುನದಲ್ಲಿ ನಿಲ್ಲುತ್ತದೆಯೇ? ಎರಡಕ್ಕೂ ಹೌದು ಎಂದರೆ ಸ್ಪಂಜು ಕೆಟ್ಟಿರುವ ಸಾಧ್ಯತೆ ಕಡಿಮೆ. ಬೆಳಗಿನದೂ ಹಲವು ತಿಂಗಳಿಂದ ಸಡಿಲವಾಗಿದ್ದರೆ ದೇಹದ ಕಾರಣವನ್ನು ಹುಡುಕಬೇಕು.

ಇಳಿಯುವುದು ವೀರ್ಯ ಹೋಗುವ ಮೊದಲೋ, ಹೋದ ಮೇಲೋ ಎಂಬುದೂ ಮುಖ್ಯ. ವೀರ್ಯ ಹೋದ ಮೇಲೆ ಇಳಿಯುವುದು ಸಹಜ. ಆದರೆ ಅದು ಬೇಗ ಹೋಗುತ್ತಿದ್ದರೆ ಸಮಸ್ಯೆ ಶೀಘ್ರಸ್ಖಲನ, ಲೀಕ್ ಅಲ್ಲ. ಅದರ ಚಿಕಿತ್ಸೆಯೇ ಬೇರೆ.

ಜೊತೆಗೆ ಬಿ.ಪಿ., ರಕ್ತದ ಸಕ್ಕರೆ, ಕೊಬ್ಬಿನಂಶ ಮತ್ತು ಬೆಳಗಿನ ಹೊತ್ತು ತೆಗೆದ ರಕ್ತದಲ್ಲಿ ಟೆಸ್ಟೋಸ್ಟಿರೋನ್ ನೋಡುತ್ತಾರೆ. ಶಿಶ್ನದ ಅಪಧಮನಿಗಳು ಹೃದಯದವಕ್ಕಿಂತ ಸಣ್ಣವು, ಆದ್ದರಿಂದ ಅಲ್ಲಿ ತೊಂದರೆ ಮೊದಲು ಕಾಣಿಸಿಕೊಳ್ಳಬಹುದು. ನಡೆದಾಗ ಎದೆ ಬಿಗಿಯುವುದಿದ್ದರೆ ಮುಚ್ಚಿಡದೆ ಹೇಳಿ. ಎಲ್ಲರಿಗೂ ಸ್ಕ್ಯಾನ್ ಬೇಕಾಗುವುದಿಲ್ಲ. ಮಾತ್ರೆಯಿಂದ ಫಲ ಸಿಗದವರಿಗೆ, ಚಿಕ್ಕ ವಯಸ್ಸಿನವರಿಗೆ, ಪೆಟ್ಟು ಬಿದ್ದವರಿಗೆ, ಆಪರೇಷನ್ ಯೋಚಿಸುತ್ತಿರುವವರಿಗೆ ಅದು ಹೆಚ್ಚು ಉಪಯುಕ್ತ.

ಡಾಪ್ಲರ್ ಸ್ಕ್ಯಾನ್ ಹೇಗೆ ಮಾಡುತ್ತಾರೆ?

1982ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ರೊನಾಲ್ಡ್ ವಿರಾಗ್, ಪೆಪಾವರಿನ್ ಎಂಬ ಔಷಧಿಯನ್ನು ಶಿಶ್ನಕ್ಕೆ ಚುಚ್ಚಿದರೆ ನಿಮಿರುವಿಕೆ ಬರುತ್ತದೆ ಎಂದು ವರದಿ ಮಾಡಿದರು. ಕೆಲವೇ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟಾಮ್ ಲೂ ಮತ್ತು ಸಂಗಡಿಗರು ಇಂಥ ಇಂಜೆಕ್ಷನ್ ಜೊತೆಗೆ ಸ್ಕ್ಯಾನ್ ಸೇರಿಸಿ ರಕ್ತದ ಓಟ ಅಳೆಯುವ ಕ್ರಮವನ್ನು ತಂದರು. ಇಂದಿಗೂ ಮೂಲಕ್ರಮ ಅದೇ.

ಸಣ್ಣ ಸೂಜಿಯಿಂದ ಪಕ್ಕದಲ್ಲಿ ಪೆಪಾವರಿನ್ ಅಥವಾ ಆಲ್ಪ್ರೋಸ್ಟಡಿಲ್ ಚುಚ್ಚುತ್ತಾರೆ. ನಂತರ ಸುಮಾರು 5 ನಿಮಿಷಕ್ಕೊಮ್ಮೆ, ಒಟ್ಟು 20ರಿಂದ 30 ನಿಮಿಷ, ಎರಡು ಅಂಕಿಗಳನ್ನು ಅಳೆಯುತ್ತಾರೆ. ಹೃದಯ ಬಡಿದಾಗ ರಕ್ತ ನುಗ್ಗುವ ವೇಗ ಮೊದಲನೆಯದು. ಅದು ಸೆಕೆಂಡಿಗೆ 30 ಸೆಂ.ಮೀ.ಗಿಂತ ಹೆಚ್ಚಿದ್ದರೆ ಒಳಹರಿವು ಚೆನ್ನಾಗಿದೆ, 25ಕ್ಕಿಂತ ಕಡಿಮೆಯಿದ್ದರೆ ರಕ್ತ ತರುವ ನಾಳವೇ ಕಿರಿದಾಗಿರಬಹುದು. ಎರಡು ಬಡಿತಗಳ ನಡುವೆ ಉಳಿಯುವ ವೇಗ ಎರಡನೆಯದು. ಸ್ಪಂಜು ತುಂಬಿ ನಾಳ ಮುಚ್ಚಿದಾಗ ಒಳಗೆ ಹೋಗಲು ಜಾಗವಿಲ್ಲದೆ ಈ ವೇಗ ಸೊನ್ನೆಯ ಹತ್ತಿರ ಬರುತ್ತದೆ. ಒಳಹರಿವು ಚೆನ್ನಾಗಿದ್ದೂ ಎರಡನೆಯ ಅಂಕಿ 5ಕ್ಕಿಂತ ಮೇಲೆಯೇ ನಿಂತರೆ ಲೀಕ್ ಎಂದು ಸಂಶಯಪಡುತ್ತಾರೆ. ಒಳಹರಿವೇ ಕಡಿಮೆಯಿದ್ದಾಗ ಎರಡನೆಯ ಅಂಕಿಯಿಂದ ಲೀಕ್ ತೀರ್ಮಾನಿಸಲು ಬರುವುದಿಲ್ಲ.

ಪರೀಕ್ಷೆ ತಪ್ಪುವುದು ಎಲ್ಲಿ?

ಈ ಅಂಕಿಗಳಿಗೆ ಅರ್ಥ ಬರುವುದು ಸ್ಪಂಜು ಪೂರ್ತಿ ಸಡಿಲಗೊಂಡಾಗ ಮಾತ್ರ. ಹೊಸ ಜಾಗ, ಸೂಜಿಯ ಭಯ, ತಣ್ಣನೆ ಕೋಣೆ, ತೆರೆದ ಬಾಗಿಲು ಇವೆಲ್ಲ ಅಡ್ರಿನಲಿನ್ ಏರಿಸುತ್ತವೆ. ಆಗ ಆರೋಗ್ಯವಂತನ ಸ್ಕ್ಯಾನಿನಲ್ಲೂ ಲೀಕ್ ಕಾಣುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮೊದಲ ಸ್ಕ್ಯಾನಿನಲ್ಲಿ ಲೀಕ್ ಎಂದು ಬಂದಿದ್ದವರನ್ನು ಮತ್ತೆ ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನರ ರಕ್ತದ ಓಟ ಸಂಪೂರ್ಣ ಸರಿಯಾಗಿತ್ತು.

ಉದಾಹರಣೆಗೆ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರು ಅರಸೀಕೆರೆ ಕಡೆಯ ತೆಂಗಿನ ತೋಟದ ರೈತ, ವಯಸ್ಸು 34. ಸಕ್ಕರೆ ಕಾಯಿಲೆಯಿಲ್ಲ, ಬೀಡಿ ಅಭ್ಯಾಸವಿಲ್ಲ, ಬೆಳಗಿನ ನಿಮಿರುವಿಕೆ ಗಟ್ಟಿ. ಸಂಭೋಗದ ನಡುವೆ ಮಾತ್ರ ಇಳಿಯುತ್ತದೆ. ಒಂದು ಇಂಜೆಕ್ಷನ್ ಕೊಟ್ಟು ಮಾಡಿದ ಸ್ಕ್ಯಾನಿನಲ್ಲಿ ಅಂಕಿಗಳು 40 ಮತ್ತು 9, ರಿಪೋರ್ಟ್ ‘ಲೀಕ್’. ಆದರೆ ಆ ಹೊತ್ತು ಗಟ್ಟಿತನ ಎಷ್ಟಿತ್ತೆಂದು ಬರೆದಿಲ್ಲ. ಕೇಳಿದರೆ, ಮನೆಯಲ್ಲಿ ಬರುವುದರ ಅರ್ಧದಷ್ಟೂ ಇರಲಿಲ್ಲ ಎನ್ನುತ್ತಾರೆ. ಟ್ಯೂಬು ಅರ್ಧ ತುಂಬಿದಾಗ ಸ್ಟ್ರಾ ತೆರೆದಿತ್ತು, ಅಷ್ಟೇ. ಇನ್ನೊಮ್ಮೆ ಬಾಗಿಲು ಹಾಕಿ, ಗಟ್ಟಿತನ ಸಾಲದಿದ್ದಾಗ ವೈದ್ಯರು ಎರಡನೇ ಡೋಸ್ ಕೊಟ್ಟು, ಸ್ವಲ್ಪ ಹೊತ್ತು ಒಬ್ಬರನ್ನೇ ಬಿಟ್ಟು ನೋಡಿದಾಗ ಪೂರ್ತಿ ಗಟ್ಟಿಯಾಯಿತು. ಎರಡನೆಯ ಅಂಕಿ 1ಕ್ಕೆ ಇಳಿಯಿತು. ಇವರಿಗೆ ಲೀಕ್ ಇಲ್ಲ. ಇವರಿಗೆ ಬೇಕಾದ್ದು ಪತ್ನಿಯನ್ನೂ ಜೊತೆಗೆ ಕೂರಿಸಿಕೊಂಡು ಮಾಡುವ ಆಪ್ತಸಲಹೆ, ಬೇಕಿದ್ದರೆ ಕೆಲಕಾಲ ಮಾತ್ರೆ.

ಎರಡನೆಯವರು ಹಳೇಬೀಡು ಕಡೆಯವರು, ವಯಸ್ಸು 58. ಸಕ್ಕರೆ ಕಾಯಿಲೆ 15 ವರ್ಷದಿಂದ, ಬೀಡಿಯೂ ಇದೆ. ಬೆಳಗಿನ ನಿಮಿರುವಿಕೆಯೂ ಸಡಿಲ. ಎರಡು ಡೋಸ್ ನಂತರವೂ ಪೂರ್ತಿ ಗಟ್ಟಿಯಾಗಲಿಲ್ಲ, ಅಂಕಿಗಳು 36 ಮತ್ತು 8ರಲ್ಲೇ ನಿಂತವು. ಇವರ ಮಾತು, ಮೈ, ಸ್ಕ್ಯಾನ್ ಮೂರೂ ಒಂದೇ ಹೇಳುತ್ತಿವೆ. ಇಲ್ಲಿ ಲೀಕ್ ನಿಜ.

ಆದ್ದರಿಂದ ನಿಮ್ಮ ರಿಪೋರ್ಟ್ ಹಿಡಿದು ಮೂರು ಪ್ರಶ್ನೆ ಕೇಳಿ. ಅಳೆಯುವಾಗ ಎಷ್ಟು ಗಟ್ಟಿಯಾಗಿತ್ತು? ಗಟ್ಟಿಯಾಗದಿದ್ದಾಗ ಎರಡನೇ ಡೋಸ್ ಕೊಟ್ಟರೇ? ಎಷ್ಟು ನಿಮಿಷದವರೆಗೆ ಅಳೆದರು? ಇಷ್ಟಾದರೂ ಸಂಶಯ ಉಳಿದು, ಆಪರೇಷನ್ ಮಾತು ಬಂದಿದ್ದರೆ, ಶಿಶ್ನದೊಳಗೆ ದ್ರವ ಹರಿಸಿ ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆಯುವ ಇನ್ನೊಂದು ಪರೀಕ್ಷೆಯಿದೆ. ಅದು ಕೆಲವೇ ದೊಡ್ಡ ಕೇಂದ್ರಗಳಲ್ಲಿ ನಡೆಯುತ್ತದೆ.

ಸ್ಕ್ಯಾನ್ ದಿನದ ಎಚ್ಚರಿಕೆ

ರಕ್ತ ತೆಳುವಾಗಿಸುವ ಮಾತ್ರೆ, ಸಿಕಲ್ ಸೆಲ್ ಕಾಯಿಲೆ ಇದ್ದರೆ ಮೊದಲೇ ಹೇಳಿ. ಇಂಜೆಕ್ಷನ್ ಕೊಟ್ಟ ಸಮಯವನ್ನು ಬರೆಸಿಕೊಳ್ಳಿ. ನಿಮಿರುವಿಕೆ ಇಳಿಯುವ ತನಕ ಆಸ್ಪತ್ರೆ ಬಿಡಬೇಡಿ. ಬೆಂಗಳೂರಿನಲ್ಲಿ ಸ್ಕ್ಯಾನ್ ಮುಗಿಸಿ ತಕ್ಷಣ ಬೇಲೂರು ಬಸ್ಸು ಹತ್ತಿದರೆ, ತೊಂದರೆ ಬರುವ ಹೊತ್ತಿಗೆ ನೀವು ನಡುದಾರಿಯಲ್ಲಿರುತ್ತೀರಿ. ಇಳಿದ ಮೇಲೆ ಮತ್ತೆ ಬಂದರೂ ಹಾಗೇ. ಗಟ್ಟಿಯಾದ ನಿಮಿರುವಿಕೆ 4 ಗಂಟೆ ಮೀರಿದರೆ ಅದು ತುರ್ತು ಸ್ಥಿತಿ. ನಾಚದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಇಂಜೆಕ್ಷನ್ ಹೆಸರು ತೋರಿಸಿ. ನಿಂತ ರಕ್ತ ತೆಗೆದು ಔಷಧಿ ಕೊಟ್ಟು ಇಳಿಸುತ್ತಾರೆ. ತಡಮಾಡಿದರೆ ಸ್ಪಂಜು ಶಾಶ್ವತವಾಗಿ ಕೆಡುತ್ತದೆ.

ಲೀಕ್ ನಿಜವಾಗಿದ್ದರೆ?

ನಾಳ ಕಟ್ಟುವ ಆಪರೇಷನ್ನನ್ನು ಹಿಂದೆ ಹೆಚ್ಚಾಗಿ ಮಾಡುತ್ತಿದ್ದರು. ಕಾಲ ಕಳೆದಂತೆ ಬಹಳ ಜನರಲ್ಲಿ ಸಮಸ್ಯೆ ಮರಳಿತು, ಏಕೆಂದರೆ ಸ್ಪಂಜು ಹಾಗೆಯೇ ಉಳಿದಿತ್ತು. ಈಗ ಅದನ್ನು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ. ಮೊದಲು ಸಿಲ್ಡೆನಾಫಿಲ್ ಮುಂತಾದ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ ಹಲವು ಸಲ ಪ್ರಯತ್ನಿಸುತ್ತಾರೆ. ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ ಅಥವಾ ಬೇರೆ ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು, ಬಿ.ಪಿ. ಕುಸಿದು ಪ್ರಾಣಾಪಾಯವಾಗುತ್ತದೆ. ಬುಡಕ್ಕೆ ಹಾಕುವ ರಬ್ಬರ್ ಉಂಗುರ ಹೊರಹರಿವನ್ನು ತಡೆಯುತ್ತದೆ. ಅದನ್ನು 30 ನಿಮಿಷದೊಳಗೆ ತೆಗೆಯಬೇಕು, ಲೋಹದ ಉಂಗುರ ಬೇಡವೇ ಬೇಡ. ಆಮೇಲೆ ನಿರ್ವಾತ ಪಂಪು, ಮನೆಯಲ್ಲೇ ಕಲಿತು ಚುಚ್ಚಿಕೊಳ್ಳುವ ಇಂಜೆಕ್ಷನ್, ಯಾವುದೂ ಆಗದಿದ್ದರೆ ಒಳಗೆ ಅಳವಡಿಸುವ ಕೃತಕ ದಂಡ ಇವೆ.

ನಮ್ಮ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸುವಾಗ ಕಾಯಿಲೆಯ ಹೆಸರು ಹೇಳಬೇಕಿಲ್ಲ. “ವೈದ್ಯರ ಬಳಿ ಒಬ್ಬನೇ ಮಾತಾಡಬೇಕು” ಎಂದರೆ ಸಾಕು. ಹಳೆಯ ರಿಪೋರ್ಟ್ ಇದ್ದರೆ ಹರಿಯದೆ ತನ್ನಿ.