ಗೌರಕ್ಕನ ಬೆನ್ನಿನ ಚಿತ್ರ

ಗೌರಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. ಅವರಿಗೆ 50 ವರ್ಷ. ಒಂದು ದಿನ ರಾಗಿ ಮೂಟೆ ಎತ್ತುವಾಗ ಸೊಂಟ ಹಿಡಿಯಿತು. ಮೂರು ವಾರವಾದರೂ ನೋವು ಬಿಡಲಿಲ್ಲ. ಮಗ ಪಟ್ಟಣಕ್ಕೆ ಕರೆದುಕೊಂಡು ಹೋಗಿ ಎಂ.ಆರ್.ಐ. ಮಾಡಿಸಿದ.

ಪಕ್ಕದ ಮನೆ ಹುಡುಗ ರಿಪೋರ್ಟ್ ಓದಿದ. "ಡಿಸ್ಕ್ ಬಲ್ಜ್ ಅಂತ ಬರೆದಿದ್ದಾರೆ. ಡಿಸ್ಕ್ ಉಬ್ಬಿದೆ" ಅಂದ. ಅಂದಿನಿಂದ ಗೌರಕ್ಕ ಹಾಸಿಗೆ ಹಿಡಿದರು. ಕೊಡ ಎತ್ತಲಿಲ್ಲ. ಕೂಲಿಗೆ ಹೋಗಲಿಲ್ಲ. "ನನ್ನ ಬೆನ್ನು ಮುಗೀತು. ಆಪರೇಷನ್ನಿಗೆ ಕುರಿ ಮಾರಬೇಕು" ಅಂತ ಅತ್ತರು.

ನಾವು ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ರಿಪೋರ್ಟ್ ನೋಡಲಿಲ್ಲ. ಗೌರಕ್ಕನನ್ನು ನೋಡಿದರು.

"ನೋವು ಎಲ್ಲಿದೆಯಮ್ಮ?"

"ಸೊಂಟದಲ್ಲಿ, ಎಡಗಡೆ ಸ್ವಾಮಿ."

"ಕಾಲಿಗೆ ಇಳಿಯುತ್ತಾ? ಜೋಮು ಹಿಡಿಯುತ್ತಾ?"

"ಇಲ್ಲ."

ಅಂಗಾತ ಮಲಗಿಸಿ ಒಂದೊಂದೇ ಕಾಲನ್ನು ನೆಟ್ಟಗೆ ಎತ್ತಿದರು. ಕಾಲಿನಲ್ಲಿ ನೋವು ಬರಲಿಲ್ಲ. ತುದಿಗಾಲಿನಲ್ಲಿ ನಡೆಸಿದರು. ಹಿಮ್ಮಡಿಯ ಮೇಲೆ ನಡೆಸಿದರು. ಹತ್ತಿಯಿಂದ ಪಾದ ಮುಟ್ಟಿದರು. ಶಕ್ತಿ, ಸ್ಪರ್ಶ ಎರಡೂ ಸರಿ ಇದ್ದವು.

ಆಮೇಲೆ ರಿಪೋರ್ಟ್ ತೆರೆದರು. ಅದರಲ್ಲಿ ಎಲ್4–ಎಲ್5 ಅಂತ ಬರೆದಿತ್ತು. ನಾವು ಅದರ ಅರ್ಥ ಕೇಳಿದೆವು.

ಸೊಂಟದಲ್ಲಿ ಐದು ಮೂಳೆಗಳಿವೆ. ಅವಕ್ಕೆ ಮೇಲಿನಿಂದ ಕೆಳಗೆ ಎಲ್1ರಿಂದ ಎಲ್5ರವರೆಗೆ ಹೆಸರು. ಎರಡು ಮೂಳೆಗಳ ನಡುವೆ ಮೆತ್ತೆಯಂತೆ ಒಂದು ಡಿಸ್ಕ್ ಇರುತ್ತದೆ. ಅದರ ಹೊರಗೆ ಗಟ್ಟಿ ಪದರಗಳು, ಒಳಗೆ ಮೆದು ತಿರುಳು. ಎಲ್4–ಎಲ್5 ಅಂದರೆ ನಾಲ್ಕನೆಯ ಮತ್ತು ಐದನೆಯ ಮೂಳೆಯ ನಡುವಿನ ಡಿಸ್ಕ್.

ಮೂಟೆಯ ಮೇಲೆ ಮೂಟೆ ಇಟ್ಟರೆ ಕೆಳಗಿನ ಮೂಟೆಯ ಅಂಚು ಉಬ್ಬುತ್ತದೆ. ಆದರೆ ಮೂಟೆ ಒಡೆದಿರುವುದಿಲ್ಲ. ವಯಸ್ಸಾದಂತೆ ಡಿಸ್ಕಿನ ನೀರಿನ ಅಂಶ ಕಡಿಮೆಯಾಗುತ್ತದೆ. ಅದು ತಗ್ಗುತ್ತದೆ, ಅಂಚು ಹೊರಗೆ ಚಾಚುತ್ತದೆ. ಇದೇ ಬಲ್ಜ್. ಡಿಸ್ಕ್ ಜಾಗ ಬಿಟ್ಟು ಜಾರಿದೆ ಅಂತ ಇದರ ಅರ್ಥವಲ್ಲ.

"ಉಬ್ಬಿದರೆ ನೋಯಬೇಕಲ್ಲ?" ಗೌರಕ್ಕ ಕೇಳಿದರು.

"ನರ ಹೋಗುವ ದಾರಿಯಲ್ಲಿ ಸ್ವಲ್ಪ ಜಾಗ ಇರುತ್ತದಮ್ಮ. ಡಿಸ್ಕ್ ಅಷ್ಟಿಷ್ಟು ಚಾಚಿದರೂ ನರಕ್ಕೆ ತೊಂದರೆ ಆಗದೆ ಇರಬಹುದು. ನರ ಒತ್ತಿ ಕೆರಳಿದರೆ ನೋವು ಕಾಲಿಗೆ ಇಳಿಯುತ್ತದೆ. ನಿಮಗೆ ಹಾಗಾಗಿಲ್ಲ. ಇನ್ನೊಂದು ಮಾತು. ನಿಮ್ಮ ಡಿಸ್ಕ್ ಉಬ್ಬಿರುವುದು ಹೆಚ್ಚಾಗಿ ಬಲಗಡೆ. ನಿಮಗೆ ನೋವಿರುವುದು ಎಡಗಡೆ. ಚಿತ್ರದ ಸಾಕ್ಷಿ ಮತ್ತು ಮೈಯ ಸಾಕ್ಷಿ ಒಂದೇ ಆಗಬೇಕು. ಇಲ್ಲಿ ಆಗುತ್ತಿಲ್ಲ."

ಬೆನ್ನು ನೋವೇ ಇಲ್ಲದವರ ಚಿತ್ರಗಳನ್ನೂ ವೈದ್ಯರು ತೆಗೆದು ನೋಡಿದ್ದಾರೆ. ಅಂಥ ಸುಮಾರು 3,000 ಜನರ ಲೆಕ್ಕವನ್ನು 2015ರಲ್ಲಿ ಒಟ್ಟುಗೂಡಿಸಿದರು. 20 ವರ್ಷದವರಲ್ಲಿ 100ಕ್ಕೆ 30 ಜನರಿಗೆ ಬಲ್ಜ್ ಇತ್ತು. 50 ವರ್ಷದವರಲ್ಲಿ 60 ಜನರಿಗೆ ಇತ್ತು. 80 ವರ್ಷದವರಲ್ಲಿ 84 ಜನರಿಗೆ ಇತ್ತು. ಇವರಲ್ಲಿ ಯಾರಿಗೂ ನೋವಿರಲಿಲ್ಲ! ಹಾಗಾದರೆ ಗೌರಕ್ಕನ ಬಲ್ಜ್ ಮೂಟೆ ಎತ್ತುವ ಮೊದಲೇ ಇದ್ದಿರಬಹುದು. ಚಿತ್ರ ಡಿಸ್ಕಿನ ಆಕಾರ ತೋರಿಸುತ್ತದೆ. ನೋವನ್ನು ತೋರಿಸುವುದಿಲ್ಲ.

ಬಲ್ಜ್ ಎಂದೂ ನೋವು ಕೊಡುವುದಿಲ್ಲ ಅಂತ ತಿಳಿಯಬೇಡಿ. ಎಲ್4–ಎಲ್5 ಡಿಸ್ಕ್ ನರವನ್ನು ಒತ್ತಿದರೆ ಸಾಮಾನ್ಯವಾಗಿ ಅದೇ ಬದಿಯ ಕಾಲಿಗೆ ನೋವು ಇಳಿಯುತ್ತದೆ. ಪಾದದ ಮೇಲೆ, ಹೆಬ್ಬೆರಳಿನ ತನಕ ಜೋಮು ಬರಬಹುದು. ಆಗ ಚಿತ್ರಕ್ಕೂ ಮೈಗೂ ಹೊಂದಿಕೆ ಆಗುತ್ತದೆ. ಅಂಥವರಲ್ಲೂ ಬಹಳ ಜನರಿಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ.

ಆದರೆ ಈ ಗುರುತುಗಳು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು:

• ಮೂತ್ರ ಕಟ್ಟುವುದು, ಅಥವಾ ಮಲಮೂತ್ರದ ಹಿಡಿತ ತಪ್ಪುವುದು.
• ತೊಡೆಗಳ ನಡುವೆ, ಗುದದ ಸುತ್ತ ಸ್ಪರ್ಶ ತಿಳಿಯದಿರುವುದು.
• ಕಾಲಿನ ಶಕ್ತಿ ಕುಂದುತ್ತಾ ಹೋಗುವುದು.

ಬೆನ್ನು ನೋವಿನ ಜೊತೆ ಜ್ವರ ಇದ್ದರೂ ತಡಮಾಡಬಾರದು.

ಗೌರಕ್ಕನಿಗೆ ಇವು ಯಾವುವೂ ಇರಲಿಲ್ಲ. "ಮಲಗಿಯೇ ಇರಬೇಡಿ. ಮಲಗಿದಷ್ಟೂ ಬೆನ್ನು ಬಿಗಿಯುತ್ತದೆ. ದಿನಾ ನಡೆಯಿರಿ. ಮೊದಲು ಅರ್ಧ ಕೊಡ ನೀರು ತನ್ನಿ, ಆಮೇಲೆ ತುಂಬಿದ ಕೊಡ. ಸ್ವಲ್ಪ ನೋವಾದರೆ ಹೆದರಬೇಡಿ" ಅಂದರು ಡಾಕ್ಟರು.

ಆರು ವಾರ ಕಳೆಯಿತು. ಗೌರಕ್ಕ ಕಳೆ ತೆಗೆಯಲು ಹೋಗುತ್ತಿದ್ದಾರೆ. ಬಲ್ಜ್ ಹೋಯಿತಾ ಅಂತ ಮತ್ತೆ ಚಿತ್ರ ತೆಗೆಸಲಿಲ್ಲ. ಅದು ಅಲ್ಲೇ ಇರಬಹುದು. ನೋವು ಹೋಗಿದೆ. ಕುರಿಗಳೂ ಕೊಟ್ಟಿಗೆಯಲ್ಲೇ ಇವೆ.

ಉತ್ತರ ಹೇಳಿ:

1. ಡಿಸ್ಕ್ ಬಲ್ಜ್ ಅಂದರೇನು?
2. ಡಾಕ್ಟರು ರಿಪೋರ್ಟಿಗಿಂತ ಮೊದಲು ಏನೇನು ನೋಡಿದರು?
3. ಗೌರಕ್ಕನ ನೋವಿಗೆ ಬಲ್ಜ್ ಕಾರಣ ಅಲ್ಲ ಅಂತ ಡಾಕ್ಟರಿಗೆ ಏಕೆ ಅನ್ನಿಸಿತು?
4. ಯಾವ ಗುರುತು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು?