ಕಥೆಯೊಳಗಿನ ಪರದೇಶ ಮತ್ತು ನೆಲೆ

ನಮ್ಮ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಒಂದು ಪ್ರಬಂಧವನ್ನು ತಿದ್ದಿಸಿಕೊಳ್ಳಲು ನನ್ನಲ್ಲಿಗೆ ಬಂದಿದ್ದಳು. ಪರದೇಶಗಳಲ್ಲಿ ನೆಲಸಿದ ಲೇಖಕರ ಕಥೆಗಳಲ್ಲಿ ದೇಶಭ್ರಷ್ಟತೆ ಹಾಗೂ ನೆಲೆಯ ಭಾವನೆ ಎಂಬುದು ಅವಳಿಗೆ ಕೊಟ್ಟ ವಿಷಯ. ಆರಿಸಿಕೊಂಡ ಕಥೆ ಝುಂಪಾ ಲಾಹಿರಿಯವರ 'ದಿ ಥರ್ಡ್ ಅಂಡ್ ಫೈನಲ್ ಕಾಂಟಿನೆಂಟ್'. 1999ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪಾರಿತೋಷಕ ಪಡೆದ ಸಂಕಲನದ ಕಡೆಯ ಕಥೆಯಿದು. ಕಥಾನಾಯಕನು ಮಾತೃಭೂಮಿಯನ್ನು ನೆನೆದು ಕಣ್ಣೀರಿಡುತ್ತಾನೆಂದು ಅವಳು ಮೊದಲ ಪುಟದಲ್ಲಿಯೇ ಬರೆದಿದ್ದಳು. "ಎಲ್ಲಿ ಅಳುತ್ತಾನಮ್ಮ, ತೋರಿಸು" ಎಂದೆ. ಪುಸ್ತಕವನ್ನು ಬಹಳ ಹೊತ್ತು ತಿರುವಿ ಹಾಕಿ, "ಎಲ್ಲಿಯೂ ಇಲ್ಲ ಗುರುಗಳೇ" ಎಂದಳು. ಅಂದು ನಾವಿಬ್ಬರೂ ಕೂಡಿ ಓದಿದ ಬಗೆಯನ್ನೇ ಇಲ್ಲಿ ಹೇಳುತ್ತೇನೆ. ನಾಳೆ ನಿಮಗೂ ಇಂಥ ಪ್ರಬಂಧ ಬರೆಯುವ ಕಾಲ ಬಂದೀತು.

ಮೊದಲು ಶಬ್ದಗಳನ್ನು ಬೇರ್ಪಡಿಸಿಕೊಳ್ಳಬೇಕು. ರಾಜಾಜ್ಞೆಯಿಂದಲೋ ಯುದ್ಧದಿಂದಲೋ ಊರಿಗೆ ಮರಳಲಾರದವನು ದೇಶಭ್ರಷ್ಟ. ಹೊಟ್ಟೆಪಾಡಿಗೆ ತಾನಾಗಿ ಹೊರಟವನು ವಲಸೆಗಾರ. ಈ ಕಥೆಯ ನಾಯಕನನ್ನು ಯಾರೂ ಹೊರಗಟ್ಟಿಲ್ಲ. 1964ರಲ್ಲಿ ಹತ್ತು ಡಾಲರುಗಳೊಡನೆ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಾನೆ. 1969ರಲ್ಲಿ ಕಲ್ಕತ್ತೆಗೆ ಬಂದು ಮದುವೆಯಾಗಿ, ಅಮೆರಿಕದ ಬಾಸ್ಟನ್ ಸಮೀಪದ ವಿದ್ಯಾಲಯವೊಂದರ ಗ್ರಂಥಾಲಯದ ಕೆಲಸಕ್ಕೆ ತೆರಳುತ್ತಾನೆ. ಆದುದರಿಂದ ಅವನನ್ನು ದೇಶಭ್ರಷ್ಟನೆಂದು ಕರೆಯುವುದಾದರೆ ಯಾವ ಅರ್ಥದಲ್ಲಿ ಎಂಬುದನ್ನು ಪ್ರಬಂಧದ ಆರಂಭದಲ್ಲೇ ಹೇಳಬೇಕಾಗುತ್ತದೆ. ಊರು ಮುಚ್ಚಿಲ್ಲ; ಆದರೆ ಅಲ್ಲಿ ಅವನಿಗಾಗಿ ಕಾದಿರುವವರು ಉಳಿದಿಲ್ಲ. ತಂದೆ ಹಿಂದೆಯೇ ತೀರಿಕೊಂಡಿದ್ದಾನೆ. ಆ ದುಃಖದಿಂದ ಬುದ್ಧಿ ಸ್ಥಿಮಿತ ಕಳೆದುಕೊಂಡ ತಾಯಿಯೂ ಗತಿಸಿದ್ದಾಳೆ. ಅವನ ಪರದೇಶವಾಸ ಊರಿನಲ್ಲಿಯೇ ಪ್ರಾರಂಭವಾಗಿತ್ತೆನ್ನಬಹುದು.

ಎರಡನೆಯದಾಗಿ, ಪಾತ್ರವೇ ಲೇಖಕಿಯೆಂದು ತಿಳಿಯುವ ತಪ್ಪು. ಲಾಹಿರಿಯವರು 1967ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಬೆಳೆದವರು. ಗ್ರಂಥಾಲಯದಲ್ಲಿ ದುಡಿದವರು ಅವರ ತಂದೆ. ಬಂಗಾಳವನ್ನು ಬಿಟ್ಟುಬಂದ ನೋವು ತಂದೆತಾಯಿಗಳದು. ಲೇಖಕಿಯದು ಆ ನೋವಿನ ಮನೆಯಲ್ಲಿ ಬೆಳೆದ ಅನುಭವ. 'ಲೇಖಕಿಯು ತನ್ನ ತಾಯ್ನಾಡಿಗೆ ಹಂಬಲಿಸುತ್ತಾಳೆ' ಎಂಬ ವಾಕ್ಯ ಅವಳ ಕರಡಿನಲ್ಲಿ ಮೂರು ಬಾರಿ ಇತ್ತು, ಮೂರನ್ನೂ ಹೊಡೆದುಹಾಕಿದೆವು.

ಇನ್ನು ಕಥೆಯ ಹೃದಯಕ್ಕೆ ಬರೋಣ. ಮನುಷ್ಯ ಚಂದ್ರನ ಮೇಲಿಳಿದ ದಿನವೇ ನಾಯಕನೂ ಅಮೆರಿಕದಲ್ಲಿ ಇಳಿಯುತ್ತಾನೆ. ಕಾರ್ನ್‌ಫ್ಲೇಕ್ಸ್ ಮತ್ತು ಹಾಲು ಅವನ ಆಹಾರ. ಮುಂದೆ ಕ್ರಾಫ್ಟ್ ಎಂಬ ವೃದ್ಧೆಯ ಮನೆಯಲ್ಲಿ ವಾರಕ್ಕೆ 8 ಡಾಲರ್ ಬಾಡಿಗೆಗೆ ಕೋಣೆ ಹಿಡಿಯುತ್ತಾನೆ. ಆಕೆಯ ವಯಸ್ಸು 103 ಎಂಬುದು ಅವನಿಗೆ ತಡವಾಗಿ ತಿಳಿಯುತ್ತದೆ. ಪ್ರತಿ ಸಂಜೆಯೂ ಆಕೆ ಅವನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಚಂದ್ರನ ಮೇಲೆ ತಮ್ಮ ದೇಶದ ಬಾವುಟವಿದೆಯೆಂದು ಹೇಳಿ, ಅದನ್ನು ಮೆಚ್ಚುವ ಮಾತೊಂದನ್ನು ಅವನಿಂದ ಗಟ್ಟಿಯಾಗಿ ಹೇಳಿಸುತ್ತಾಳೆ. ಬಾವುಟ ಬಿದ್ದುಹೋಯಿತೆಂದು ಅವನು ಪತ್ರಿಕೆಯಲ್ಲಿ ಓದಿ ಬಲ್ಲ. ಆದರೂ ಹೇಳುವುದಿಲ್ಲ, ಮುದುಕಿಯ ಮನಸ್ಸು ನೋಯಿಸಲು ಅವನಿಗೆ ಇಷ್ಟವಿಲ್ಲ.

ಮತ್ತೊಂದು ಚಿಕ್ಕ ಸಂಗತಿ. ಬಾಡಿಗೆಯ ಲಕೋಟೆಯನ್ನು ಪಿಯಾನೋದ ಅಂಚಿನ ಮೇಲೆ ಇಡಬೇಕೆಂದು ಅವನಿಗೆ ಹೇಳಿರುತ್ತದೆ. ಅವನು ಹಾಗೆ ಮಾಡದೆ ಆಕೆಯ ಕೈಗೇ ಕೊಡುತ್ತಾನೆ. ಹಿರಿಯರಿಗೆ ಕೊಡುವುದನ್ನು ಕೈಗೆ ಕೊಡುವುದು ನಮ್ಮ ಮನೆಗಳಲ್ಲಿಯೂ ಉಂಟಷ್ಟೆ. ಅವನು ಆಕೆಯ ಮಗನಲ್ಲ. ಬಾಡಿಗೆಯ ಹೊರತು ಯಾವ ಋಣವೂ ಇಲ್ಲ. ಆದರೂ ವಿಧವೆಯಾಗಿ, ಪಿಯಾನೋ ಪಾಠ ಹೇಳಿ ಮಕ್ಕಳನ್ನು ಸಾಕಿದ ಈಕೆಯನ್ನು ಕಂಡಾಗ, ವೈಧವ್ಯದಿಂದಲೇ ಕುಸಿದ ತನ್ನ ತಾಯಿ ಅವನ ನೆನಪಿಗೆ ಬರುತ್ತಾಳೆ. ಆಕೆಯ ಕ್ಷೇಮದ ಚಿಂತೆ ಅವನಿಗೆ ಹತ್ತಿಕೊಳ್ಳುತ್ತದೆ.

ಆರು ವಾರಗಳ ಮೇಲೆ ಹೆಂಡತಿ ಮಾಲಾ ಬರುತ್ತಾಳೆ. ಮದುವೆಯಾದ ಹೊಸತರಲ್ಲಿ ತವರನ್ನು ನೆನೆದು ಅವಳು ರಾತ್ರಿ ಅಳುತ್ತಿದ್ದಾಗ, ಅವನು ಸುಮ್ಮನೆ ಪುಸ್ತಕ ಓದುತ್ತಿದ್ದವನು. ನೋಡಿ, ಕಥೆಯಲ್ಲಿ ಅಗಲಿಕೆಗೆ ಅಳುವವಳು ಇವಳು, ಅದೂ ಕಲ್ಕತ್ತೆಯಲ್ಲಿಯೇ. ಇವರಿಬ್ಬರೂ ಒಂದೇ ಮನೆಯಲ್ಲಿ ಪರಕೀಯರು. ಒಂದು ಸಂಜೆ ಅವಳನ್ನು ಆ ವೃದ್ಧೆಯ ಮನೆಗೆ ಕರೆದೊಯ್ಯುತ್ತಾನೆ. ಸೊಂಟ ಮುರಿದು ಮಲಗಿದ ಆಕೆ ಸೀರೆಯುಟ್ಟ ಮಾಲಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವಳು ಕುಲೀನ ಹೆಂಗಸೆಂದು ತೀರ್ಪು ಕೊಡುತ್ತಾಳೆ. ಅವನು ನಗುತ್ತಾನೆ, ಮಾಲಾಳೂ ಅವನತ್ತ ನೋಡಿ ನಗುತ್ತಾಳೆ. ದಂಪತಿಗಳ ನಡುವಿನ ಅಂತರ ಕಡಿಮೆಯಾಗತೊಡಗಿದ್ದು ಆ ಕ್ಷಣದಿಂದ.

ಇಷ್ಟು ಓದಿದ ಮೇಲೆ ವಿದ್ಯಾರ್ಥಿನಿಯು ತನ್ನ ಪ್ರತಿಪಾದನೆಯನ್ನು ಹೀಗೆ ಬರೆದಳು: 'ಈ ಕಥೆಯಲ್ಲಿ ನೆಲೆಯೆಂಬುದು ಭೂಮಿಯಿಂದಾಗಲಿ ಪೌರತ್ವದಿಂದಾಗಲಿ ಮೊದಲು ಹುಟ್ಟುವುದಿಲ್ಲ, ಋಣವಿಲ್ಲದವರ ಬಗ್ಗೆ ಕಾಳಜಿ ಮಾಡುವುದರಿಂದ, ಅಂಥವರ ಕಣ್ಣಿಗೆ ಬೀಳುವುದರಿಂದ ಹುಟ್ಟುತ್ತದೆ.' ಲಕೋಟೆ, ಬಾವುಟ, ವೃದ್ಧೆಯ ತೀರ್ಪು, ಈ ಮೂರೇ ಅವಳ ಆಧಾರಗಳು. ಪ್ರತಿಯೊಂದಕ್ಕೂ ಒಂದೊಂದು ಪರಿಚ್ಛೇದ ಕೊಟ್ಟಳು.

ಆದರೆ ಪ್ರತಿಪಾದನೆಗೆ ವಿರುದ್ಧವಾದುದನ್ನು ಮುಚ್ಚಿಡುವಂತಿಲ್ಲ. ಅದೇ ಸಂಕಲನದ 'ಮಿಸೆಸ್ ಸೇನ್ಸ್' ಎಂಬ ಕಥೆಯ ಗೃಹಿಣಿ, ಹನ್ನೊಂದು ವರ್ಷದ ಅಮೆರಿಕನ್ ಹುಡುಗನೊಬ್ಬನನ್ನು ಮಧ್ಯಾಹ್ನಗಳಲ್ಲಿ ನೋಡಿಕೊಳ್ಳುತ್ತಾಳೆ. ನಮ್ಮ ಈಳಿಗೆಮಣೆಯಂಥದೊಂದನ್ನು ಊರಿನಿಂದ ತಂದು, ನೆಲದ ಮೇಲೆ ಕುಳಿತು ತರಕಾರಿ ಹೆಚ್ಚುತ್ತಾಳೆ. ತಾಜಾ ಮೀನಿಗೆ ಹಂಬಲಿಸುತ್ತಾಳೆ. ಹುಡುಗನ ಮೇಲೆ ಅವಳಿಗೆ ಅಕ್ಕರೆಯಿದೆ, ಅವನಿಗೂ ಅವಳು ಅರ್ಥವಾಗುತ್ತಾಳೆ. ಆದರೂ ಅವಳಿಗೆ ನೆಲೆ ದೊರೆಯುವುದಿಲ್ಲ. ಗಂಡ ಜೊತೆಗಿಲ್ಲದಾಗ ಕಾರು ಓಡಿಸಿ ಅಪಘಾತವಾಗಿ, ಹುಡುಗನ ಸಂಗವೂ ತಪ್ಪುತ್ತದೆ. ಹಾಗಾದರೆ ಕಾಳಜಿಯೊಂದೇ ಸಾಲದು. ನಾಯಕನಿಗೆ ಸಂಬಳವಿತ್ತು, ಬೀದಿಯಲ್ಲಿ ಒಬ್ಬನೇ ತಿರುಗುವ ಸ್ವಾತಂತ್ರ್ಯವಿತ್ತು. ಆ ಗೃಹಿಣಿಗೆ ಎರಡೂ ಇರಲಿಲ್ಲ. ಈ ಭೇದವನ್ನು ಸೇರಿಸಿದ ಮೇಲೆ ಪ್ರಬಂಧ ಗಟ್ಟಿಯಾಯಿತು.

ಬರೆದುದು ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯುಂಟು. ನಿಮ್ಮ ವಾಕ್ಯದಲ್ಲಿ ಕಥೆಯ ಹೆಸರನ್ನು ತೆಗೆದು ಬೇರೊಂದು ವಲಸೆಯ ಕಥೆಯ ಹೆಸರಿಡಿ. ಆಗಲೂ ವಾಕ್ಯ ಒಪ್ಪುವುದಾದರೆ ಅದನ್ನು ಹೊಡೆದುಹಾಕಿ. 'ಎರಡು ಸಂಸ್ಕೃತಿಗಳ ನಡುವೆ ತೊಳಲಾಟ' ಎಂಬುದು ಎಲ್ಲಕ್ಕೂ ಒಪ್ಪುತ್ತದೆ. ಲಕೋಟೆಯನ್ನು ಕೈಗೆ ಕೊಟ್ಟದ್ದು ಇದೊಂದಕ್ಕೇ ಒಪ್ಪುತ್ತದೆ.

ಕಥೆಯ ಕೊನೆಯಲ್ಲಿ ದಂಪತಿಗಳು ಅಮೆರಿಕದ ಪ್ರಜೆಗಳಾಗಿದ್ದಾರೆ; ಮಗ ಹಾರ್ವರ್ಡಿನಲ್ಲಿ ಓದುತ್ತಾನೆ. ವಾರಾಂತ್ಯದಲ್ಲಿ ಅವನನ್ನು ಮನೆಗೆ ಕರೆತಂದು, ಕೈಯಿಂದ ಅನ್ನ ಉಣ್ಣಿಸಿ, ಬಂಗಾಳಿಯಲ್ಲಿ ಮಾತನಾಡಿಸುತ್ತಾರೆ. ತಾವು ಸತ್ತಮೇಲೆ ಇವೆರಡೂ ನಿಂತುಹೋದಾವೆಂಬ ಅಳುಕು ಅವರಿಗೆ. ನೆಲೆ ಸಿಕ್ಕಿದ ಮೇಲೂ ಈ ಅಳುಕು ಉಳಿದಿದೆ.

ವಿದ್ಯಾರ್ಥಿನಿ ಈ ಭಾಗವನ್ನು ಓದುವಾಗ ತಡೆದು ನಿಂತಳು. "ನಮ್ಮ ತಂದೆಯವರು ಊಟಕ್ಕೆ ಕುಳಿತಾಗ ಕನ್ನಡವನ್ನೇ ಆಡಬೇಕೆಂದು ಹಟ ಹಿಡಿಯುತ್ತಾರೆ ಗುರುಗಳೇ" ಎಂದಳು. ಅದನ್ನು ಪ್ರಬಂಧದಲ್ಲಿ ಬರೆಯಬೇಡವೆಂದು ಹೇಳಿದೆ. ಅಲ್ಲಿ ಬೇಕಾದುದು ಕಥೆಯ ಸಾಕ್ಷ್ಯ. ಆದರೆ ಮನೆಗೆ ಹೋಗಿ ತಂದೆಯವರಿಗೆ ಆ ಕೊನೆಯ ಪುಟವನ್ನು ಕನ್ನಡದಲ್ಲಿ ಹೇಳೆಂದೆ.